ಕೋಳಿ ಬೆಂದಿದೆಯೇ ಎಂದು ನೋಡುವ ಡಯಲ್ ಥರ್ಮಾಮೀಟರಿನ ಕೈಪಿಡಿಯಲ್ಲಿನ ತಪ್ಪುಗಳ ಬಗ್ಗೆ ದೂರು

ಇಂದ:
ಅಡುಗೆ ವಿಭಾಗ,
ಹೋಂಸ್ಟೇ, ಶಿರಸಿ, ಉತ್ತರ ಕನ್ನಡ ಜಿಲ್ಲೆ

ಗೆ:
ಗ್ರಾಹಕ ಸೇವಾ ವಿಭಾಗದ ವ್ಯವಸ್ಥಾಪಕರು

ಮಾನ್ಯರೇ,

ನಿಮ್ಮ ಕಂಪನಿಯ ಡಯಲ್ ಥರ್ಮಾಮೀಟರನ್ನು ಇಡೀ ಕೋಳಿ ರೋಸ್ಟ್ ಮಾಡುವಾಗ ಬಳಸಲು ಕೊಂಡಿದ್ದೇವೆ. ಉಪಕರಣ ಸರಿಯಾಗಿಯೇ ಇದೆ. ಆದರೆ ಜೊತೆಗೆ ಬಂದ ಕೈಪಿಡಿಯನ್ನು ನಂಬಿ ಅಡುಗೆ ಮಾಡಿದರೆ ಹಸಿ ಉಳಿದ ಕೋಳಿ ಊಟದ ತಟ್ಟೆಗೆ ಹೋಗುತ್ತದೆ. ನಮ್ಮ ದೂರು ಇರುವುದು ಅದರ ಮೇಲೆ.

ಮೊದಲನೆಯದು, ಮುಳ್ಳನ್ನು ಹೊಂದಿಸುವ ವಿಧಾನ. ಕುದಿಯುವ ನೀರಿನಲ್ಲಿ ಕಡ್ಡಿ ಅದ್ದಿ, ಮುಳ್ಳು 100ಕ್ಕೆ ಬರುವಂತೆ ಡಯಲಿನ ಹಿಂದಿನ ನಟ್ ತಿರುಗಿಸಿ ಎಂದು ಬರೆದಿದ್ದೀರಿ. ಕಾರವಾರದಲ್ಲಿ ಇದು ನಡೆಯುತ್ತದೆ, ಅದು ಸಮುದ್ರದ ಮಟ್ಟದಲ್ಲಿದೆ. ಶಿರಸಿ ಇರುವುದು ಘಟ್ಟದ ಮೇಲೆ, ಸುಮಾರು 600 ಮೀಟರ್ ಎತ್ತರದಲ್ಲಿ. ಇಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಸರಿಯಾಗಿ 98 ತೋರಿಸುತ್ತಿದ್ದ ಮುಳ್ಳನ್ನು ನಿಮ್ಮ ಮಾತಿನಂತೆ 100ಕ್ಕೆ ತಿರುಗಿಸಿದರೆ, ಅಂದಿನಿಂದ ಅದು ಎಲ್ಲವನ್ನೂ 2 ಡಿಗ್ರಿ ಹೆಚ್ಚಿಗೆ ತೋರಿಸುತ್ತದೆ. ಫೋನಿನಲ್ಲಿ ಕೇಳಿದಾಗಲೂ ನಿಮ್ಮ ಸಿಬ್ಬಂದಿ ಅದನ್ನೇ ಮಾಡಲು ಹೇಳಿದರು.

ಎಲ್ಲ ಊರಿಗೂ ಸಲ್ಲುವ ವಿಧಾನ ಐಸ್ ನೀರಿನದು. ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದು ತುಂಬುವಷ್ಟು ಮಾತ್ರ ನೀರು ಸುರಿದು, ಕಡ್ಡಿಯನ್ನು ತಳಕ್ಕೂ ಪಕ್ಕಕ್ಕೂ ತಾಗದಂತೆ ಮುಳುಗಿಸಿ ಹಿಡಿಯಬೇಕು. ಅರ್ಧ ನಿಮಿಷದಲ್ಲಿ ಮುಳ್ಳು ನಿಂತಾಗ 0 ಇರಬೇಕು. ಇಲ್ಲದಿದ್ದರೆ ಆಗ ನಟ್ ತಿರುಗಿಸಬೇಕು. ನೀರು ಹೆಚ್ಚಾಗಿ ಐಸ್ ತೇಲತೊಡಗಿದರೆ ಕೆಳಗಿನ ನೀರು 0ಗಿಂತ ಬೆಚ್ಚಗಿರುತ್ತದೆ, ಲೆಕ್ಕ ತಪ್ಪುತ್ತದೆ.

ಎರಡನೆಯದು ಇದಕ್ಕಿಂತ ಗಂಭೀರ. ಎಲ್ಲ ಮಾಂಸಕ್ಕೂ ಒಂದೇ ಅಂಕಿ, 63 ಡಿಗ್ರಿ, ಎಂದು ಮುದ್ರಿಸಿದ್ದೀರಿ. ಅದು ಕುರಿ, ಹಂದಿಯಂಥ ಮಾಂಸದ ಇಡೀ ತುಂಡುಗಳಿಗೆ, ಒಲೆಯಿಂದ ಇಳಿಸಿ 3 ನಿಮಿಷ ಬಿಡುವ ಷರತ್ತಿನೊಂದಿಗೆ ಹೇಳುವ ಅಂಕಿ. ಕೋಳಿಗೆ ಬೇಕಾದದ್ದು 74. ಅಷ್ಟು ಬಿಸಿ ಮುಟ್ಟಿದ ಕ್ಷಣದಲ್ಲೇ ಸಾಲ್ಮೊನೆಲ್ಲಾದಂಥ ರೋಗಾಣುಗಳು ಸಾಯುತ್ತವೆ. 70 ಡಿಗ್ರಿಯಲ್ಲಿ 2 ನಿಮಿಷ ನಿಂತರೂ ಸಾಕು. ಅದಕ್ಕಿಂತ ಕೆಳಗೆ ಇಳಿದಂತೆ ಬೇಕಾದ ಸಮಯ ಬೇಗ ಬೇಗ ಏರುತ್ತದೆ. ನಿಮ್ಮ ಎರಡೂ ತಪ್ಪುಗಳನ್ನು ಕೂಡಿಸಿ ನೋಡಿ: ಶಿರಸಿಯಲ್ಲಿ ಮುಳ್ಳು 63 ತೋರಿಸುವಾಗ ಮಾಂಸ ನಿಜವಾಗಿ 61ರಲ್ಲಿರುತ್ತದೆ. ಆ ಬಿಸಿಯಲ್ಲಿ ಕೋಳಿ ಕಾಲು ಗಂಟೆಗೂ ಹೆಚ್ಚು ಹೊತ್ತು ಇರಬೇಕು. ಕೈಪಿಡಿ ಮಾತ್ರ ತಕ್ಷಣ ಇಳಿಸಲು ಹೇಳುತ್ತದೆ.

ಮೂರನೆಯದು ಚುಚ್ಚುವ ಜಾಗ. ‘ತುದಿಯನ್ನು ಒಂದು ಸೆಂಟಿಮೀಟರ್ ಒಳಗೆ ತಳ್ಳಿ’ ಎಂದಿದ್ದೀರಿ. ಇದು ತುದಿಯಲ್ಲಿ ಮಾತ್ರ ಅಳೆಯುವ ತೆಳು ಡಿಜಿಟಲ್ ಥರ್ಮಾಮೀಟರಿಗೂ ಸಾಲದು, ಡಯಲಿನದಕ್ಕಂತೂ ಪೂರ್ತಿ ತಪ್ಪು. ಡಯಲಿನ ಕಡ್ಡಿಯೊಳಗೆ ಎರಡು ಲೋಹ ಸೇರಿಸಿ ಸುತ್ತಿದ ಸುರುಳಿ ಇದೆ. ತುದಿಯಿಂದ ಸುಮಾರು 5 ಸೆಂಟಿಮೀಟರ್‌ವರೆಗೆ, ಕಡ್ಡಿಯ ಮೇಲೆ ಸಣ್ಣ ತಗ್ಗು ಇರುವಲ್ಲಿವರೆಗೆ, ಅಷ್ಟೂ ಉದ್ದದ ಸರಾಸರಿಯನ್ನು ಅದು ತೋರಿಸುತ್ತದೆ. ಮೇಲಿನಿಂದ ನೇರ ಚುಚ್ಚಿದರೆ ಚರ್ಮದ ಬಳಿಯ ಬಿಸಿಯೂ ಲೆಕ್ಕಕ್ಕೆ ಸೇರಿ, ನಡುವಿನ ಮಾಂಸ ಹಸಿ ಇರುವಾಗಲೇ ಮುಳ್ಳು 74 ದಾಟಬಹುದು.

ಹಾಗಾಗಿ ಎದೆಗೆ ಕತ್ತಿನ ಕಡೆಯಿಂದ, ಉದ್ದಕ್ಕೆ, ಆ 5 ಸೆಂಟಿಮೀಟರೂ ದಪ್ಪ ಮಾಂಸದ ನಡುವೆ ಮಲಗುವಂತೆ ತೂರಿಸಬೇಕು. ತೊಡೆಗೆ, ಕಾಲು ಮೈಗೆ ಕೂಡುವ ಸಂದಿನಿಂದ ಒಳತೊಡೆಯೊಳಗೆ, ಮೂಳೆಗೆ ಸಮಾನಾಂತರವಾಗಿ ಆದರೆ ತಾಗದಂತೆ. ಮೂಳೆ ತಾಗಿದರೆ ಮಾಂಸದ ಬಿಸಿ ಸಿಗುವುದಿಲ್ಲ. ಮುಳ್ಳು ನಿಲ್ಲಲು 15ರಿಂದ 20 ಸೆಕೆಂಡ್ ಕಾದು, ಕಡ್ಡಿಯನ್ನು ಸ್ವಲ್ಪ ಸರಿಸಿ ಮತ್ತೆ ನೋಡಬೇಕು. ಸಿಕ್ಕ ಅಂಕಿಗಳಲ್ಲಿ ಅತಿ ಕಡಿಮೆಯದೇ ನಂಬಬೇಕಾದದ್ದು. ತೊಡೆ 80 ದಾಟಿದರೆ ತಿನ್ನಲು ಇನ್ನೂ ಮೆತ್ತಗಾಗುತ್ತದೆ. ಎದೆ ಅಷ್ಟಕ್ಕೆ ಒಣಗುತ್ತದೆ. ಸುಕ್ಕಕ್ಕೆ ಕಡಿದ ಸಣ್ಣ ತುಂಡುಗಳಿಗೆ ಈ ಉಪಕರಣ ಆಗುವುದೇ ಇಲ್ಲ, ಅದನ್ನೂ ನೀವು ಬರೆಯಬೇಕಿತ್ತು.

‘ಅನುಮಾನವಿದ್ದರೆ ಕತ್ತರಿಸಿ ನೋಡಿ, ಮೂಳೆಯ ಬಳಿ ಕೆಂಪಿದ್ದರೆ ಮತ್ತೆ ಬೇಯಿಸಿ’ ಎಂಬ ಸಲಹೆಯನ್ನೂ ತೆಗೆಯಿರಿ. ಎಳೆಯ ಬ್ರಾಯ್ಲರ್ ಕೋಳಿಯ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಒಳಗಿನ ಮಜ್ಜೆಯ ಬಣ್ಣ ಸುತ್ತಲಿನ ಮಾಂಸಕ್ಕೆ ಇಳಿಯುತ್ತದೆ, ಫ್ರೀಜರಿನಲ್ಲಿಟ್ಟ ಕೋಳಿಯಲ್ಲಿ ಇನ್ನೂ ಹೆಚ್ಚು. 80 ದಾಟಿದ ತೊಡೆಯಲ್ಲೂ ಆ ಕೆಂಪು ಉಳಿಯಬಹುದು. ಇತ್ತ 74 ಮುಟ್ಟುವ ಮೊದಲೇ ರಸ ತಿಳಿಯಾಗಿ ಹರಿಯುವುದೂ ಉಂಟು. ಕತ್ತರಿಸಿದರೆ ರಸ ಸೋರುತ್ತದೆ, ಉತ್ತರ ಮಾತ್ರ ಸಿಗುವುದಿಲ್ಲ.

ನಮ್ಮ ಬೇಡಿಕೆ ಇಷ್ಟು. ಕೈಪಿಡಿಯಲ್ಲಿ ಕೋಳಿಗೆ 74 ಡಿಗ್ರಿ, ಐಸ್ ನೀರಿನ ವಿಧಾನ ಮತ್ತು ಕಡ್ಡಿ ಎಷ್ಟು ಮುಳುಗಬೇಕೆಂಬ ಚಿತ್ರ ಇರಲಿ. ಈಗಾಗಲೇ ಕೊಂಡವರಿಗೆ, ಅದರಲ್ಲೂ ಶಿರಸಿ, ಸಿದ್ದಾಪುರ, ಯಲ್ಲಾಪುರದಂಥ ಘಟ್ಟದ ಮೇಲಿನ ಊರುಗಳವರಿಗೆ, ಮುಳ್ಳನ್ನು 100ಕ್ಕೆ ತಿರುಗಿಸಿದ್ದರೆ ಮರಳಿ ಹೊಂದಿಸಿಕೊಳ್ಳಲು ತಿಳಿಸಿ. ಫೋನಿನಲ್ಲಿ ಉತ್ತರಿಸುವ ಸಿಬ್ಬಂದಿಗೂ ಇದನ್ನು ಹೇಳಿಕೊಡಿ. ತಿದ್ದಿದ ಪ್ರತಿಯನ್ನು 15 ದಿನಗಳೊಳಗೆ ನಮಗೆ ಕಳುಹಿಸಿ. ಆಗದಿದ್ದರೆ ಥರ್ಮಾಮೀಟರನ್ನು ವಾಪಸ್ ಪಡೆದು ಹಣ ಹಿಂತಿರುಗಿಸಿ. ಬಿಲ್ಲಿನ ಪ್ರತಿ ಮತ್ತು ಕೈಪಿಡಿಯ ಆ ಪುಟಗಳ ಫೋಟೊ ಲಗತ್ತಿಸಿದ್ದೇವೆ.

ಇಂತಿ,
ಅಡುಗೆ ವಿಭಾಗದ ಪರವಾಗಿ