ಇನ್ನು ಮುಂದೆ ಬುಕಿಂಗ್ ಮಾಡುವಾಗ ‘ಯಾವ ಕೆಲಸಕ್ಕೆ?’ ಅಂತ ಕೇಳುತ್ತೇವೆ

ಆತ್ಮೀಯ ಗ್ರಾಹಕರೇ,

ಸನ್ನೆ ಭಾಷೆಯ ದುಭಾಷಿ ಬೇಕೆಂದು ನೀವು ನಮ್ಮ ಹಾಸನದ ಕಚೇರಿಗೆ ಫೋನ್ ಮಾಡಿದರೆ, ಮುಂದಿನ ತಿಂಗಳಿಂದ ಕೆಲಸ ಯಾವುದು ಅಂತಲೂ ಕೇಳುತ್ತೇವೆ. ಮದುವೆ ಮಾತುಕತೆ, ಸಂಘದ ಸಭೆ ಅಂದರೆ ಮೊದಲಿನ ಹಾಗೆಯೇ, ಚೆನ್ನಾಗಿ ಸನ್ನೆ ಬಲ್ಲ ಯಾರಾದರೂ ಬರುತ್ತಾರೆ. ಪೊಲೀಸ್ ಠಾಣೆ, ಕೋರ್ಟು, ಶಾಲೆಗಳ ಲೆಕ್ಕ ಬೇರೆ.

ಮುಖ್ಯವಾಗಿ ಪೋಕ್ಸೊ ಪ್ರಕರಣ. ಅರಸೀಕೆರೆ ಕಡೆಯ ಹಳ್ಳಿಯ ಕಿವಿ ಕೇಳದ ಹುಡುಗಿಯೊಬ್ಬಳು ಹೇಳಿಕೆ ಕೊಡಬೇಕು ಅಂದುಕೊಳ್ಳಿ. 2020ರ ಪೋಕ್ಸೊ ನಿಯಮಗಳ ಪ್ರಕಾರ, ಜಿಲ್ಲೆಯ ಪಟ್ಟಿಯಿಂದ ಬರುವ ಸನ್ನೆ ದುಭಾಷಿಯಾಗಲಿ ವಿಶೇಷ ಶಿಕ್ಷಕಿಯಾಗಲಿ ತಮ್ಮ ವಿಷಯದಲ್ಲಿ ಓದಿರಬೇಕು. ಓದಿದ್ದು ಮಾನ್ಯತೆ ಪಡೆದ ವಿಶ್ವವಿದ್ಯಾಲಯದಲ್ಲೋ ಭಾರತೀಯ ಪುನರ್ವಸತಿ ಪರಿಷತ್ತು (ಆರ್‌ಸಿಐ) ಒಪ್ಪಿದ ಸಂಸ್ಥೆಯಲ್ಲೋ ಆಗಿರಬೇಕು. ಇಂಥವರ ಪಟ್ಟಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿರುತ್ತದೆ. ಸಂಬಳ ಸರ್ಕಾರದ್ದು, ಆದ್ದರಿಂದ ಈ ಕೆಲಸಕ್ಕೆ ಮನೆಯವರಿಂದ ನಾವು ದುಡ್ಡು ತೆಗೆದುಕೊಳ್ಳುವುದಿಲ್ಲ.

ಆದರೆ ಸರ್ಟಿಫಿಕೇಟ್ ಒಂದಿದ್ದರೆ ಸಾಲದು. ಶಾಲೆಗೆ ಹೋಗದ ಹುಡುಗಿಗೆ ಸಾಮಾನ್ಯವಾಗಿ ಭಾರತೀಯ ಸನ್ನೆ ಭಾಷೆ ಗೊತ್ತಿರುವುದಿಲ್ಲ, ಮನೆಯಲ್ಲೇ ಹುಟ್ಟಿದ ಸನ್ನೆಗಳಷ್ಟೇ ಗೊತ್ತು. ಡಿಪ್ಲೊಮಾ ಮಾಡಿದ ದುಭಾಷಿ ಪ್ರಶ್ನೆ ಕೇಳುತ್ತಾರೆ, ಹುಡುಗಿ ಸುಮ್ನೆ ತಲೆಯಾಡಿಸುತ್ತಾಳೆ. ಎಲ್ಲ ಪ್ರಶ್ನೆಗೂ ‘ಹೌದು’ ಬಂದರೆ ಅರ್ಥವಾಗಿಲ್ಲ ಅಂತಲೇ ತಿಳಿಯಬೇಕು. ಇದಕ್ಕೇ ಪೋಕ್ಸೊ ಕಾಯ್ದೆಯ 26ನೇ ಕಲಂ ಮಗುವಿನ ಮಾತಿನ ರೀತಿ ಬಲ್ಲವರ ಸಹಾಯ ಪಡೆಯಲೂ ಅವಕಾಶ ಕೊಟ್ಟಿದೆ. ಅಂಥ ಕಡೆ ನಮ್ಮ ದುಭಾಷಿ, ಮಗುವನ್ನು ಬಲ್ಲವರೊಬ್ಬರನ್ನೂ ಜೊತೆಗೆ ಕೂರಿಸಿ ಅಂತ ತನಿಖಾಧಿಕಾರಿಯನ್ನು ಕೇಳುತ್ತಾರೆ.

ದೊಡ್ಡವರು ಸಾಕ್ಷಿ ಹೇಳುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 125ನೇ ಕಲಂ ನೋಡಬೇಕು. ಮಾತು ಬಾರದ ಸಾಕ್ಷಿ ಸನ್ನೆಯಲ್ಲಿ ಹೇಳಿದರೆ ಕೋರ್ಟು ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಲೇಬೇಕು, ವಿಡಿಯೊ ಆಗಲೇಬೇಕು. ಯಾವ ಸರ್ಟಿಫಿಕೇಟ್ ಅಂತ ಆ ಕಲಂ ಹೇಳುವುದಿಲ್ಲ. ತೊಂದರೆ ಇರುವುದೇ ಇಲ್ಲಿ. ಬುದ್ಧಿಮಾಂದ್ಯ ಮಕ್ಕಳಿಗೆ ಕಲಿಸಲು ಓದಿದವರೂ ವಿಶೇಷ ಶಿಕ್ಷಕರೇ ಅಲ್ವಾ? ಅವರಿಗೆ ಸನ್ನೆ ಬರಬೇಕೆಂದಿಲ್ಲ. ಹಾಗಾಗಿ ಯಾವ ವಿಭಾಗದ ಬಿ.ಎಡ್. ಅಂತ ಸರ್ಟಿಫಿಕೇಟಿನಲ್ಲಿ ನೋಡಿ. ಕೋರ್ಟಿಗೆ ನಾವು ದುಭಾಷಿ ಡಿಪ್ಲೊಮಾ ಇದ್ದವರನ್ನೇ ಕಳಿಸುತ್ತೇವೆ.

ಶಾಲೆಗಳಿಗೆ ಒಂದು ಮಾತು. ‘ನಿಮ್ಮ ದುಭಾಷಿಯೇ ಪಾಠವನ್ನೂ ಮಾಡಲಿ’ ಅಂತ ಕೇಳಬೇಡಿ. ವಿಶೇಷ ಶಿಕ್ಷಕರ ಕೆಲಸ 1992ರ ಆರ್‌ಸಿಐ ಕಾಯ್ದೆಯ ಪಟ್ಟಿಯಲ್ಲಿದೆ. ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರಿಲ್ಲದೆ ಆ ಕೆಲಸ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ದಂಡ ಚಿಕ್ಕದು ನಿಜ, ಜೈಲು ಚಿಕ್ಕದಲ್ಲ. ಶಿಕ್ಷಕಿ ಪಾಠ ಮಾಡಲಿ, ನಮ್ಮವರು ಪಕ್ಕದಲ್ಲಿ ನಿಂತು ಸನ್ನೆಗೆ ತಿರುಗಿಸುತ್ತಾರೆ.

ಶಾಲೆಗೆ ನಾವು ಕಳಿಸುವ ವಿಶೇಷ ಶಿಕ್ಷಕಿಯ ನೋಂದಣಿ ಪತ್ರದ ಪ್ರತಿ ಇನ್ನು ಮುಂದೆ ಬಿಲ್ಲಿನ ಜೊತೆಯೇ ಬರುತ್ತದೆ. ಅದರಲ್ಲಿ ಅವಧಿ ಮುಗಿಯುವ ದಿನಾಂಕ ನೋಡಿಕೊಳ್ಳಿ.

ಇಂತಿ,
ಕಾರ್ಯದರ್ಶಿ