ದೇವಸ್ಥಾನದ ಉದ್ರಿ ಚೀಟಿ ಕುರಿತು ಸಮಿತಿಯ ಎರಡೂ ಕಡೆಯವರಿಗೆ ಪತ್ರ

ಮಾನ್ಯರೇ,

ದೇವಸ್ಥಾನ ಸಮಿತಿಯ ಅಧ್ಯಕ್ಷರು, ಖಜಾಂಚಿ ಯಾರೆಂಬ ವಿಷಯದಲ್ಲಿ ನೀವು ಎರಡು ಕಡೆಯಾಗಿರುವುದರಿಂದ, ಬರುವ ಒಂದನೇ ತಾರೀಖಿನಿಂದ ನನ್ನ ಅಂಗಡಿಯಲ್ಲಿ ದೇವಸ್ಥಾನದ ಹೆಸರಿನಲ್ಲಿ ಉದ್ರಿ ಸಾಮಾನು ಬೇಕಾದರೆ ಎರಡೂ ಕಡೆಯ ಒಬ್ಬೊಬ್ಬರ ಸಹಿ ಇರುವ ಚೀಟಿಯನ್ನೇ ತರಬೇಕೆಂದು ವಿನಂತಿಸುತ್ತೇನೆ. ನಂದಾದೀಪದ ಎಣ್ಣೆ, ನಿತ್ಯ ನೈವೇದ್ಯದ ಅಕ್ಕಿ ಎಂದಿನಂತೆ ಅರ್ಚಕರ ಕೈ ಸೇರುತ್ತವೆ. ಅದಕ್ಕೆ ಯಾರ ಚೀಟಿಯೂ ಬೇಡ.

ಅಂಗಡಿಯವರು ಆ ಕಡೆಗೆ ಸೇರಿಕೊಂಡಿದ್ದಾರೆ ಎಂಬ ಮಾತನ್ನು ನಾನು ಎರಡೂ ಕಡೆಯವರ ಬಾಯಿಂದ ಕೇಳಿದ್ದೇನೆ. ಕಳೆದ ಅನ್ನಸಂತರ್ಪಣೆಗೆ ಎರಡು ಕ್ವಿಂಟಲ್ ಅಕ್ಕಿ ಕೇಳಿ ಬಂದ ಮೊದಲ ಚೀಟಿಯ ಮೇಲೆ ಖಜಾಂಚಿಯ ಮೊಹರು ಇದ್ದುದರಿಂದ ಕೊಟ್ಟೆ. ಮರುದಿನ ಅದೇ ಮೊಹರಿನ ಇನ್ನೊಂದು ಚೀಟಿ, ಬೇರೆ ಸಹಿಯೊಂದಿಗೆ ಬಂದಾಗ ನಗದು ಕೇಳಿದೆ. ಖಜಾಂಚಿ ಯಾರೆಂಬುದೇ ನಿಮ್ಮೊಳಗೆ ತೀರ್ಮಾನವಾಗದಿರುವಾಗ ಮೊಹರನ್ನು ನೋಡಿ ತೂಗಿಕೊಟ್ಟದ್ದು ನನ್ನ ತಪ್ಪು. ಎರಡನೆಯ ಚೀಟಿ ತಂದವರ ಮುಖಕ್ಕೆ ನೇರವಾಗಿ ಹಾಗೆ ಹೇಳಬಾರದಿತ್ತು, ಕ್ಷಮಿಸಬೇಕು. ಆದರೆ ಪಕ್ಷಪಾತ ಮಾಡಿದೆನೆಂಬುದನ್ನು ಮಾತ್ರ ಒಪ್ಪಲಾರೆ.

ಎರಡೂ ಕಡೆಯವರು ಬ್ಯಾಂಕಿಗೆ ಬೇರೆ ಬೇರೆ ಪತ್ರ ಕೊಟ್ಟ ಮೇಲೆ ಬ್ಯಾಂಕಿನವರು ದೇವಸ್ಥಾನದ ಖಾತೆಯ ವ್ಯವಹಾರ ನಿಲ್ಲಿಸಿರುವುದರಿಂದ ಮೂರು ತಿಂಗಳ ಬಾಕಿ 68,400 ರೂಪಾಯಿ ನನ್ನ ಪುಸ್ತಕದಲ್ಲೇ ಉಳಿದಿದೆ. ಅಕ್ಕಿ ಮಂಡಿಯವರಿಗೆ ನಾನು ಹದಿನೈದು ದಿನಕ್ಕೊಮ್ಮೆ ಹಣ ಕಟ್ಟಲೇಬೇಕು, ಅವರಿಗೆ ನಮ್ಮ ಊರಿನ ಜಗಳದ ಕಾರಣ ಹೇಳಿ ತಪ್ಪಿಸಿಕೊಳ್ಳಲಾಗದು. ಬೆಲೆ ಏರಿಸಿ ಈ ನಷ್ಟ ತುಂಬಿಕೊಂಡೆನೆಂದು ಹೇಳುವವರಿಗೆ ಲೆಕ್ಕದ ಪುಸ್ತಕ ತೆರೆದೇ ಇದೆ.

ಬಾಕಿ ಬರಬೇಕಾದವನು ಮಧ್ಯಸ್ಥನಾಗಬಾರದು. ಆದ್ದರಿಂದ ನಾನು ಕರೆಯುವವನಷ್ಟೇ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ದೇವಸ್ಥಾನದ ಆವರಣದಲ್ಲಲ್ಲ, ನಮ್ಮ ಮನೆಯ ಜಗುಲಿಯಲ್ಲಿ ಕೂರೋಣ. ಪ್ರತಿ ಕಡೆಯಿಂದ ಮೂವರು ಬಂದರೆ ಸಾಕು, ಹೆಚ್ಚು ಜನ ಬಂದರೆ ಮಾತು ಸಭೆಯಾಗುತ್ತದೆ. ಪ್ರತಿ ಕಡೆಯವರೂ ತಮಗೆ ಒಪ್ಪಿಗೆಯಾದ ಮೂವರು ಹೊರಗಿನವರ ಹೆಸರನ್ನು ಮುಚ್ಚಿದ ಲಕೋಟೆಯಲ್ಲಿ ಕೊಡಿ. ಎರಡರಲ್ಲೂ ಇರುವ ಹೆಸರಿನವರು ಮಧ್ಯಸ್ಥರು. ಅಂಥ ಹೆಸರು ಸಿಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೇಳೋಣ, ಆಗ ದಿನ ಮುಂದೆ ಹೋಗುತ್ತದೆ. ಮಧ್ಯಸ್ಥರು ಮೊದಲು ಎರಡೂ ಕಡೆಯವರೊಂದಿಗೆ ಬೇರೆ ಬೇರೆಯಾಗಿ ಮಾತನಾಡಿ, ಬಳಿಕ ಒಟ್ಟಿಗೆ ಕೂರಿಸಲಿ.

ಅಧ್ಯಕ್ಷರು ಯಾರೆಂಬುದನ್ನು ಆ ದಿನ ಎತ್ತುವುದು ಬೇಡ. ಅದು ಒಂದೇ ದಿನದಲ್ಲಿ ಮುಗಿಯುವುದಿಲ್ಲ, ಎತ್ತಿದರೆ ಉಳಿದದ್ದೂ ಮುಗಿಯುವುದಿಲ್ಲ. ಬ್ಯಾಂಕ್ ಖಾತೆಗೆ ಎರಡೂ ಕಡೆಯ ಜಂಟಿ ಸಹಿ, ಹುಂಡಿ ಎಣಿಕೆಗೆ ಇಬ್ಬರ ಹಾಜರಿ: ಈ ಎರಡರ ಮೇಲಷ್ಟೇ ಮಾತು. ಅಲ್ಲಿ ಆಡಿದ ಮಾತನ್ನು ಹೊರಗೆ ಬಳಸುವುದಿಲ್ಲ ಎಂದು ಕೂರುವ ಮೊದಲೇ ಬರೆದುಕೊಳ್ಳೋಣ. ಒಪ್ಪಂದವಾದರೂ ಅದು ಸರ್ವಸದಸ್ಯರ ಸಭೆಯ ಮುಂದೆ ಬರಲೇಬೇಕು. ಒಪ್ಪಂದವಾಗದೆ ಎದ್ದು ಹೋಗುವ ಹಕ್ಕೂ ಎರಡೂ ಕಡೆಯವರಿಗಿದೆ. ಎದ್ದವರನ್ನು ನಾನು ಊರಲ್ಲಿ ದೂರುವುದಿಲ್ಲ.

ಗುರುವಾರ ಸಂಜೆಯೊಳಗೆ ಲಕೋಟೆ ಅಂಗಡಿಗೆ ತಲುಪಲಿ. ನಾನು ಇಲ್ಲದಿದ್ದರೆ ಮಗನ ಕೈಯಲ್ಲಿ ಕೊಟ್ಟು, ಪಡೆದದ್ದಕ್ಕೆ ಸಹಿ ಹಾಕಿಸಿಕೊಳ್ಳಿ.

ನಿಮ್ಮ ವಿಶ್ವಾಸಿ,
ಅಂಗಡಿಯ ಹಿರಿಯ