ಮಗಳಿಗೊಂದು ಪತ್ರ: ಯಾವ ಇಂಗ್ಲಿಷ್ ಪುಸ್ತಕ ಮೊದಲು, ಯಾವುದು ಆಮೇಲೆ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಹಾಸ್ಟೆಲಿನಲ್ಲಿ ಇಂಗ್ಲಿಷ್ ದಿನಪತ್ರಿಕೆಯ ಸಂಪಾದಕೀಯವನ್ನು ನಿಘಂಟು ಇಟ್ಟುಕೊಂಡು ಓದುತ್ತಿರುವುದಾಗಿಯೂ, ಒಂದು ಗಂಟೆ ಕುಳಿತರೂ ಅರ್ಧ ಕಾಲಂ ಮುಗಿಯುವುದಿಲ್ಲವೆಂದೂ ಬರೆದಿದ್ದೀಯೆ. ಸದ್ಯಕ್ಕೆ ಅದನ್ನು ಬಿಟ್ಟುಬಿಡು. ಪಿಯುಸಿವರೆಗೆ ಎಲ್ಲ ವಿಷಯಗಳನ್ನೂ ಕನ್ನಡದಲ್ಲಿ ಓದಿ ಬಂದವರಿಗೆ ಸಂಪಾದಕೀಯ ಮೊದಲ ಮೆಟ್ಟಿಲಲ್ಲ. ಪ್ರೌಢಶಾಲೆಯಲ್ಲಿ ಇಷ್ಟು ವರ್ಷ ಇಂಗ್ಲಿಷ್ ಕಲಿಸಿದವಳಾಗಿ, ಯಾವ ಪುಸ್ತಕವನ್ನು ಯಾವಾಗ ಕೈಗೆತ್ತಿಕೊಳ್ಳಬೇಕೆಂದು ನನಗೆ ತೋರಿದ್ದನ್ನು ಬರೆಯುತ್ತೇನೆ.

ಮೊದಲು ಅಳತೆ. ಪುಸ್ತಕದ ನಡುವಿನ ಯಾವುದಾದರೂ ಪುಟ ತೆರೆದು, ನೂರು ಪದಗಳಷ್ಟು ಓದಿ, ಅರ್ಥವಾಗದ ಪದಗಳನ್ನು ಎಣಿಸು. ಎರಡಕ್ಕಿಂತ ಹೆಚ್ಚಿಲ್ಲದಿದ್ದರೆ ಆ ಪುಸ್ತಕವನ್ನು ನಿಘಂಟಿಲ್ಲದೆ ಸರಾಗವಾಗಿ ಓದಬಹುದು. ಐದರ ಸುಮಾರಿಗೆ ಬಂದರೆ ಯಾರಾದರೂ ಜೊತೆಯಲ್ಲಿ ಕುಳಿತು ಹೇಳಿಕೊಡಬೇಕಾಗುತ್ತದೆ. ಹತ್ತು ದಾಟಿದರೆ ಅದನ್ನು ಮುಂದಿನ ವರ್ಷಕ್ಕೆ ಎತ್ತಿಡು. ಇದು ನನ್ನ ಊಹೆಯಲ್ಲ. 2000ನೇ ಇಸವಿಯಲ್ಲಿ ಹೂ ಮತ್ತು ಪಾಲ್ ನೇಷನ್ ಎಂಬ ಸಂಶೋಧಕರು ಒಂದೇ ಕಥೆಯಲ್ಲಿ ಅಪರಿಚಿತ ಪದಗಳ ಪ್ರಮಾಣವನ್ನು ಬದಲಿಸುತ್ತ ವಿದ್ಯಾರ್ಥಿಗಳಿಗೆ ಓದಿಸಿ ನೋಡಿದರು. ನೂರರಲ್ಲಿ ಇಪ್ಪತ್ತು ಪದ ತಿಳಿಯದಿದ್ದಾಗ ಒಬ್ಬರಿಗೂ ಕಥೆ ಸಾಕಷ್ಟು ಅರ್ಥವಾಗಲಿಲ್ಲ. ನೂರಕ್ಕೆ ತೊಂಬತ್ತೆಂಟು ಪದ ತಿಳಿದಿದ್ದರೆ ಹೆಚ್ಚಿನವರು ಸಹಾಯವಿಲ್ಲದೆ ಅರ್ಥಮಾಡಿಕೊಳ್ಳಬಲ್ಲರೆಂಬ ನಿರ್ಣಯಕ್ಕೆ ಅವರು ಬಂದರು. ನೀನು ಓದುತ್ತಿರುವ ಸಂಪಾದಕೀಯಕ್ಕೆ ಈ ಅಳತೆ ಹಚ್ಚಿ ನೋಡಿದರೆ, ತಡವಾಗುತ್ತಿರುವುದು ನಿನ್ನ ಬುದ್ಧಿಯ ಕೊರತೆಯಿಂದಲ್ಲ ಎಂಬುದು ನಿನಗೇ ತಿಳಿಯುತ್ತದೆ.

ಮೊದಲ ಹಂತಕ್ಕೆ, ಭಾಷೆ ಕಲಿಯುವವರಿಗಾಗಿಯೇ ಪದಗಳನ್ನು ಮಿತಿಗೊಳಿಸಿ ಬರೆದ ತೆಳು ಪುಸ್ತಕಗಳಿವೆ. ಆಕ್ಸ್‌ಫರ್ಡ್ ಬುಕ್‌ವರ್ಮ್ಸ್ ಮಾಲೆಯಲ್ಲಿ ಒಂದನೆಯ ಹಂತದ ಕಥೆಗಳನ್ನು 400 ಮೂಲಪದಗಳೊಳಗೆ, ಎರಡನೆಯದನ್ನು 700ರೊಳಗೆ, ಮೂರನೆಯದನ್ನು 1,000ದೊಳಗೆ ಹೇಳಿರುತ್ತಾರೆ. ನೀನು ಎರಡನೆಯ ಹಂತದಿಂದ ಆರಂಭಿಸು. ಡಿಗ್ರಿ ಓದುವವಳು ಇಷ್ಟು ಸುಲಭದ್ದನ್ನು ಓದುವುದೇ ಎಂದು ಸಂಕೋಚಪಡಬೇಡ. ಪದಗಳ ಮೇಲೆ ಕಣ್ಣು ನಿಲ್ಲದೆ ವಾಕ್ಯದಿಂದ ವಾಕ್ಯಕ್ಕೆ ಹರಿಯುವ ಅಭ್ಯಾಸ ಬರುವುದು ಸುಲಭವಾದದ್ದನ್ನು ಹೇರಳವಾಗಿ ಓದಿದಾಗ ಮಾತ್ರ. ಒಂದೇ ಹಂತದಲ್ಲಿ ಆರೇಳು ಪುಸ್ತಕ ಮುಗಿಸಿ, ಆಮೇಲೆ ಮೇಲಿನದಕ್ಕೆ ಹೋಗು. ಕಾಲೇಜು ಗ್ರಂಥಾಲಯದಲ್ಲಿ ಅವು ಸಿಗದಿದ್ದರೆ, ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದ ಮೂರು ಮತ್ತು ನಾಲ್ಕನೆಯ ಹಂತದ ಕಥೆಗಳನ್ನು ಮೊಬೈಲಿನಲ್ಲಿ ಉಚಿತವಾಗಿ ಓದಬಹುದು. ಅವು ಮಕ್ಕಳ ಕಥೆಗಳೇ ಹೌದು, ಆದರೆ ವಾಕ್ಯಗಳು ಚೆನ್ನಾಗಿವೆ, ಹಲವು ಕಥೆಗಳು ಕನ್ನಡದಲ್ಲಿಯೂ ಇವೆ.

ಎರಡನೆಯ ಹಂತಕ್ಕೆ, ಸಂಕ್ಷೇಪಿಸದ, ಲೇಖಕರು ಬರೆದಂತೆಯೇ ಇರುವ ಪುಸ್ತಕಗಳು ಬೇಕು. ಇಲ್ಲಿ ಅನೇಕರು ಎಡವುತ್ತಾರೆ. ವಾಕ್ಯಗಳು ಚಿಕ್ಕವೆಂಬ ಕಾರಣಕ್ಕೆ ಹೆಮಿಂಗ್ವೇಯ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ ಕೊಡುವವರಿದ್ದಾರೆ. ಅದರಲ್ಲಿ ದೋಣಿ, ಗಾಳ, ಕಡಲಮೀನುಗಳ ಪದಗಳೇ ತುಂಬಿರುವುದರಿಂದ ಬಯಲುಸೀಮೆಯ ಹುಡುಗಿ ಮೊದಲ ಪುಟಗಳಲ್ಲಿಯೇ ಸೋಲುತ್ತಾಳೆ. ಅದಕ್ಕಿಂತ, ಕಥೆಯ ಲೋಕ ನಮ್ಮದಾಗಿರುವ ಪುಸ್ತಕಗಳು ಮೊದಲು ಬರಲಿ. ಸುಧಾ ಮೂರ್ತಿಯವರು ತಮ್ಮ ಅಜ್ಜಿಗೆ ಓದು ಕಲಿಸಿದ ಪ್ರಸಂಗವಿರುವ ‘ಹೌ ಐ ಟಾಟ್ ಮೈ ಗ್ರ್ಯಾಂಡ್‌ಮದರ್ ಟು ರೀಡ್’ ಸಂಕಲನ ಬಹಳ ಸುಲಭ. ಅದರ ನಂತರ ರಸ್ಕಿನ್ ಬಾಂಡ್ ಅವರ ‘ದಿ ಬ್ಲೂ ಅಂಬ್ರೆಲಾ’. ಗಢವಾಲದ ಹಳ್ಳಿಯ ಬಿನ್ಯಾ ಎಂಬ ಹುಡುಗಿಯ ನೀಲಿ ಕೊಡೆಯ ಕಥೆ ಅದು, ಒಂದೆರಡು ಸಂಜೆಗಳಲ್ಲಿ ಮುಗಿಯುತ್ತದೆ.

ಅಲ್ಲಿಂದ ಆರ್.ಕೆ. ನಾರಾಯಣ್ ಅವರಿಗೆ ಬಾ. 1935ರಲ್ಲಿ ಬಂದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಆರಂಭವಾಗುವುದೇ ಸೋಮವಾರದ ಬೆಳಗ್ಗೆ ಕಣ್ಣು ತೆರೆಯಲೊಲ್ಲದ, ಗಣಿತದ ಮನೆಗೆಲಸ ಮಾಡಿರದ ಹುಡುಗನಿಂದ. ಏನು ನಡೆಯುತ್ತಿದೆ ಎಂಬುದು ಮೊದಲೇ ಗೊತ್ತಿರುವಾಗ ಪದದ ಅರ್ಥವನ್ನು ಸಂದರ್ಭವೇ ಹೇಳುತ್ತದೆ. ಅವರ ಸಣ್ಣಕಥೆಗಳು ಸ್ವಲ್ಪ ಹೆಚ್ಚು ಕಠಿಣ. ‘ಆ್ಯನ್ ಆ್ಯಸ್ಟ್ರಾಲಜರ್ಸ್ ಡೇ’ ಕಥೆಯನ್ನೇ ತೆಗೆದುಕೊ. ಮಧ್ಯಾಹ್ನ ಜ್ಯೋತಿಷಿ ಚೀಲ ಬಿಚ್ಚಿ ತನ್ನ ಸಾಮಾನುಗಳನ್ನು ಹರಡುವುದನ್ನು ವರ್ಣಿಸುವ ಮೊದಲ ವಾಕ್ಯದಲ್ಲಿಯೇ ಪಂಕ್ಚುಯಲಿ, ಕೌರಿ, ಅಬ್ಸ್‌ಕ್ಯೂರ್, ಪಾಮೈರಾ ಎಂಬ ನಾಲ್ಕು ಪದಗಳು ನಿನ್ನನ್ನು ತಡೆಯಬಹುದು. ಅಳತೆಯ ಪ್ರಕಾರ ಇದು ಹೆಚ್ಚೇ. ಆದರೆ ಜಾತ್ರೆಯಲ್ಲಿ ಕುಳಿತ ಜ್ಯೋತಿಷಿಯ ಮುಂದೆ ಕವಡೆಯೂ ತಾಳೆಗರಿಯೂ ಇರುವುದನ್ನು ನೀನು ನೋಡಿದ್ದೀಯೆ. ಆದ್ದರಿಂದ ಎರಡು ಪದಗಳನ್ನು ಊಹೆಗೆ ಬಿಟ್ಟು ಮುಂದೆ ಓದು. ಉಳಿದ ಎರಡರಲ್ಲಿ ಪಂಕ್ಚುಯಲಿ ನಿನಗೆ ಎಲ್ಲೆಲ್ಲೂ ಎದುರಾಗುವ ಪದ, ಪೆನ್ಸಿಲಿನಿಂದ ಗುರುತು ಹಾಕಿ ಪುಟ ಮುಗಿದ ಮೇಲೆ ನಿಘಂಟಿನಲ್ಲಿ ನೋಡು. ಅಬ್ಸ್‌ಕ್ಯೂರ್ ತಿಳಿಯದಿದ್ದರೂ ಕಥೆಗೆ ತೊಂದರೆಯಿಲ್ಲ, ಎರಡನೆಯ ಸಲ ಕಂಡಾಗ ನೋಡಿದರಾಯಿತು. ಸಾಲಿನ ಮೇಲೆ ಕನ್ನಡದ ಅರ್ಥ ಬರೆಯುವ ನಮ್ಮ ಶಾಲೆಯ ಪದ್ಧತಿಯನ್ನು ಮಾತ್ರ ಕೈಬಿಡು, ಏಕೆಂದರೆ ಮರಳಿ ಓದುವಾಗ ಕಣ್ಣು ಕನ್ನಡಕ್ಕೇ ಹೋಗಿ ಇಂಗ್ಲಿಷ್ ಪದ ಅಪರಿಚಿತವಾಗಿಯೇ ಉಳಿಯುತ್ತದೆ.

ಮೂರನೆಯ ಹಂತದಲ್ಲಿ ನಿನ್ನಂಥವರಿಗೆ ಇಂಗ್ಲಿಷ್ ಮಾಧ್ಯಮದವರಿಗಿಲ್ಲದ ಒಂದು ಅನುಕೂಲವಿದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಅನ್ನು ಮೊದಲು ಕನ್ನಡದಲ್ಲಿ ಓದಿ, ಕೆಲವು ದಿನ ಬಿಟ್ಟು, ಶ್ರೀನಾಥ್ ಪೆರೂರ್ ಅವರ ಇಂಗ್ಲಿಷ್ ಅನುವಾದವನ್ನು ಓದು. ಕಾಫಿ ಹೌಸಿನ ವಿನ್ಸೆಂಟ್, ಮಸಾಲೆ ವ್ಯಾಪಾರದಿಂದ ಹಣ ಕಂಡ ಮನೆಯವರು, ಎಲ್ಲರೂ ನಿನಗೆ ಪರಿಚಿತರಾಗಿರುವುದರಿಂದ ನಿನ್ನ ಗಮನವೆಲ್ಲ ವಾಕ್ಯ ಕಟ್ಟಿದ ಬಗೆಯ ಮೇಲೆ ನಿಲ್ಲುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಸಾಲುಸಾಲಾಗಿ ಹೋಲಿಸಬೇಡ, ಓಟ ಕಡಿದುಹೋಗುತ್ತದೆ. ಎ.ಕೆ. ರಾಮಾನುಜನ್ ಅನುವಾದಿಸಿದ ‘ಸಂಸ್ಕಾರ’ವನ್ನೂ ಹೀಗೆಯೇ ಓದಬಹುದು, ಆದರೆ ಅದರ ಇಂಗ್ಲಿಷ್ ಸಾಂದ್ರವಾದದ್ದು, ಕೊನೆಯ ವರ್ಷಕ್ಕೆ ಇರಲಿ.

ವ್ಯಾಕರಣಕ್ಕೆ ರೇಮಂಡ್ ಮರ್ಫಿಯವರ ‘ಎಸೆನ್ಶಿಯಲ್ ಇಂಗ್ಲಿಷ್ ಗ್ರಾಮರ್’ ಸಾಕು. ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಅಭ್ಯಾಸ, ಕೊನೆಯಲ್ಲಿ ಉತ್ತರಗಳಿವೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದುವ ಅಗತ್ಯವಿಲ್ಲ. ನೀನು ಬರೆದದ್ದರಲ್ಲಿ ‘ಎ’, ‘ದಿ’ಗಳು ತಪ್ಪುತ್ತಿದ್ದರೆ ಆ ಪಾಠಗಳನ್ನಷ್ಟೇ ತೆಗೆದು ಅಭ್ಯಾಸ ಮಾಡು. ಕನ್ನಡದಲ್ಲಿ ಅವಿಲ್ಲದ್ದರಿಂದ ನಮ್ಮವರೆಲ್ಲ ಅಲ್ಲಿಯೇ ಹೆಚ್ಚು ತಪ್ಪುತ್ತೇವೆ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮೌನವಾಗಿ ಎಷ್ಟು ಓದಿದರೂ ಮಾತು ತಾನಾಗಿ ಬರುವುದಿಲ್ಲ. ಒಂದು ಅಧ್ಯಾಯ ಮುಗಿದ ಮೇಲೆ, ಅದರಲ್ಲಿ ನಿನಗೆ ಅತ್ಯಂತ ಸುಲಭವೆನಿಸಿದ ಪುಟವನ್ನು ಗಟ್ಟಿಯಾಗಿ ಎರಡು ಸಲ ಓದು. ಆಮೇಲೆ ಪುಸ್ತಕ ಮುಚ್ಚಿ, ಏನಾಯಿತೆಂದು ನಾಲ್ಕೈದು ವಾಕ್ಯಗಳಲ್ಲಿ ಇಂಗ್ಲಿಷಿನಲ್ಲಿ ಕೋಣೆಯ ಗೆಳತಿಗೆ ಹೇಳು. ಹೇಳಲು ಆಗದೆ ಕನ್ನಡಕ್ಕೆ ಜಾರಿದರೆ ಪುಸ್ತಕ ಒಂದು ಹಂತ ಮೇಲಿನದಾಗಿದೆಯೆಂದು ತಿಳಿದು ಕೆಳಗಿನದಕ್ಕೆ ಬಾ. ತಡವರಿಸಿಯಾದರೂ ಹೇಳಿದೆಯಾದರೆ ಅದೇ ಹಂತದಲ್ಲಿ ಮುಂದುವರಿ.

‘ಸ್ವಾಮಿ ಅಂಡ್ ಫ್ರೆಂಡ್ಸ್’ ಮತ್ತು ಕನ್ನಡದ ‘ಘಾಚರ್ ಘೋಚರ್’ ನಮ್ಮ ಮನೆಯ ಕಪಾಟಿನಲ್ಲಿಯೇ ಇವೆ. ಮುಂದಿನ ವಾರ ಅಪ್ಪ ಆ ಕಡೆ ಬರುವಾಗ ಕಳುಹಿಸುತ್ತೇನೆ. ಅಷ್ಟರೊಳಗೆ ಬುಕ್‌ವರ್ಮ್ಸ್‌ನ ಯಾವ ಹಂತದವು ನಿಮ್ಮ ಗ್ರಂಥಾಲಯದಲ್ಲಿವೆಯೆಂದು ನೋಡಿ ಬರೆ.

ಇತಿ,
ನಿನ್ನ ಅಮ್ಮ